ಸೇಲ್ಸ್ ಡೆಕ್‌ನ ರೋಲ್‌ಪ್ಲೇ ಮಾಡೋದು: ಕಸ್ಟಮರ್ ಬ್ರೀಫ್ ಯಾವ ಥರ ಬರೀಬೇಕು, ಮಾರ್ಕ್ಸ್ ಯಾವ ಥರ ಕೊಡ್ಬೇಕು

"ಬೆಲೆ ಜಾಸ್ತಿ ಆಯ್ತು ಅಂದ್ರೆ ಏನ್ ಮಾಡ್ಬೇಕು" ಅನ್ನೋ ಸ್ಲೈಡ್ ಇಲ್ಲದ ಸೇಲ್ಸ್ ಟ್ರೈನಿಂಗ್ ಡೆಕ್ ನಾನಂತೂ ಇವತ್ತಿನವರೆಗೂ ನೋಡಿಲ್ಲ. ನಾಕು ಬಾಕ್ಸ್ ಇರತ್ತೆ, ನಡುವೆ ಬಾಣದ ಗುರುತು, ಪೂರ್ತಿ ಕೇಳಿಸ್ಕೊಳ್ಳಿ, ಅರ್ಥ ಆಯ್ತು ಅಂತ ತೋರ್ಸಿ, ಕೆದಕಿ ಕೇಳಿ, ಆಮೇಲೆ ಉತ್ತರ ಕೊಡಿ ಅಂತ. ರೂಮಲ್ಲಿರೋರೆಲ್ಲ ತಲೆ ಆಡಿಸ್ತಾರೆ, ಬರ್ಕೊಳ್ತಾರೆ. ಮಾರನೇ ದಿನ ಕಾಲ್‌ನಲ್ಲಿ ಕಸ್ಟಮರ್ "ಸ್ವಲ್ಪ ಜಾಸ್ತಿ ಆಯ್ತು ಇದು" ಅಂದ ತಕ್ಷಣ ಅದೇ ಜನ "ಡಿಸ್ಕೌಂಟ್ ಏನಾದ್ರೂ ಆಗತ್ತಾ ನೋಡ್ತೀನಿ ಸಾರ್" ಅಂತಾರೆ. ಸ್ಲೈಡ್ ಗೊತ್ತಿಲ್ಲ ಅಂತಲ್ಲ, ಆ ಮಾತು ಎದುರಿಗೆ ಬಂದಾಗ ಬಾಯಿಗೆ ಏನು ಬರ್ಬೇಕು ಅನ್ನೋದನ್ನ ಅವ್ರು ಒಂದ್ಸಲನೂ ಪ್ರಾಕ್ಟೀಸ್ ಮಾಡಿಲ್ಲ ಅಷ್ಟೇ.

ಅದಕ್ಕೇ ರೋಲ್‌ಪ್ಲೇ ಮಾಡ್ಸೋದು. ಆದ್ರೆ ಡೆಕ್ ಇಟ್ಕೊಂಡು ರೋಲ್‌ಪ್ಲೇ ಬರೆಯೋಕೆ ಕೂತ್ರೆ ಎರಡು ಕಡೆ ಆಯ್ಕೆ ಮಾಡ್ಲೇಬೇಕಾಗತ್ತೆ: ಕಸ್ಟಮರ್ ಆಗಿ ಕೂರೋರ ಕೈಗೆ ಯಾವ ಥರದ ಬ್ರೀಫ್ ಕೊಡೋದು, ನೋಡ್ತಾ ಇರೋರ ಕೈಗೆ ಯಾವ ಥರದ ಸ್ಕೋರ್‌ಶೀಟ್ ಕೊಡೋದು. ಎರಡಕ್ಕೂ ಮೂರ್ಮೂರು ದಾರಿ ಇದೆ, ಮೂರನ್ನೂ ಬೇರೆ ಬೇರೆ ಬ್ಯಾಚ್‌ಗೆ ಮಾಡಿಸಿದೀನಿ, ಅದನ್ನೇ ಇಲ್ಲಿ ಹೋಲಿಸ್ತೀನಿ. ಬೆಲೆಯ ಆಕ್ಷೇಪಣೆ ಸ್ಲೈಡನ್ನೇ ಉದಾಹರಣೆಗೆ ಇಟ್ಕೊಳ್ಳೋಣ, ಯಾಕಂದ್ರೆ ಅತಿ ಹೆಚ್ಚು ಹಾಳಾಗೋ ರೋಲ್‌ಪ್ಲೇ ಅದೇ.

ಮೊದ್ಲು ಡೆಕ್ ಬಿಡ್ಸಿ

ಪೂರ್ತಿ ಡೆಕ್‌ನ ರೋಲ್‌ಪ್ಲೇ ಮಾಡೋಕಾಗಲ್ಲ, ಮಾಡಬಾರದು ಕೂಡ. ಸ್ಲೈಡ್‌ಗಳನ್ನ ಪ್ರಿಂಟ್ ತಗೊಂಡು ಮೂರು ಗುಂಪು ಮಾಡಿ. ನೆನಪಿಟ್ಕೊಳ್ಳೋ ವಿಷಯ ಒಂದು ಕಡೆ (ಪ್ರಾಡಕ್ಟ್ ಫೀಚರ್, ಪ್ಲಾನ್‌ಗಳ ವ್ಯತ್ಯಾಸ), ಇದಕ್ಕೆ ಸಣ್ಣ ಕ್ವಿಜ್ ಸಾಕು. ಬೇಕಾದಾಗ ತೆಗೆದು ನೋಡೋ ವಿಷಯ ಇನ್ನೊಂದು ಕಡೆ, ಇದನ್ನ ಹ್ಯಾಂಡ್‌ಔಟ್ ಮಾಡಿ ಕೊಟ್ಬಿಡಿ. ಉಳಿದಿದ್ದು, ಅಂದ್ರೆ ಇನ್ನೊಬ್ಬ ಮನುಷ್ಯನ ಮುಂದೆ ಕೂತು ಬಾಯಿಬಿಟ್ಟು ಮಾಡ್ಬೇಕಾದ ಕೆಲಸ, ಅದು ಮಾತ್ರ ರೋಲ್‌ಪ್ಲೇಗೆ. ನಾನು ಪರೀಕ್ಷೆ ಮಾಡೋದು ಹೀಗೆ: ಈ ಸ್ಲೈಡ್‌ನಲ್ಲಿರೋದನ್ನ ಸರಿಯಾಗಿ ಮಾಡಿದಾರಾ ಇಲ್ವಾ ಅಂತ ಪಕ್ಕದಲ್ಲಿ ಕೂತು ಕೇಳಿಸ್ಕೊಂಡೇ ಹೇಳ್ಬೋದಾ? ಹೇಳ್ಬೋದು ಅಂದ್ರೆ ಇಟ್ಕೊಳ್ಳಿ. "ಕಸ್ಟಮರ್ ಕೇಂದ್ರಿತವಾಗಿರಿ" ಅನ್ನೋ ಸ್ಲೈಡ್ ಈ ಪರೀಕ್ಷೆಯಲ್ಲಿ ಬಿದ್ದೋಗತ್ತೆ. "ಉತ್ತರ ಕೊಡೋ ಮುಂಚೆ ಒಂದು ಪ್ರಶ್ನೆ ಕೇಳಿ" ಅನ್ನೋ ಸ್ಲೈಡ್ ಪಾಸ್ ಆಗತ್ತೆ. ನಲವತ್ತು ಸ್ಲೈಡ್ ಇರೋ ಡೆಕ್‌ನಲ್ಲಿ ಸಾಮಾನ್ಯವಾಗಿ ಐದೋ ಆರೋ ಉಳಿಯತ್ತೆ, ಗಾಬರಿ ಆಗ್ಬೇಡಿ, ಅಷ್ಟೇ ಇರೋದು. ಒಂದು ರೋಲ್‌ಪ್ಲೇಗೆ ಅದ್ರಲ್ಲಿ ಒಂದೇ ಒಂದು ಸ್ಲೈಡ್. ಎರಡು ಹಾಕಿದ್ರೆ ಯಾವುದಕ್ಕೆ ಮಾರ್ಕ್ಸ್ ಕೊಡ್ತಿದೀವಿ ಅಂತ ನಮಗೇ ಗೊತ್ತಾಗಲ್ಲ.

ಬ್ರೀಫ್: ಪೂರ್ತಿ ಸ್ಕ್ರಿಪ್ಟ್

ಕಸ್ಟಮರ್ ಏನೇನು ಹೇಳ್ಬೇಕೋ ಎಲ್ಲ ಡೈಲಾಗ್ ಥರ ಬರೆದು ಕೊಡೋದು. ಬರೆಯೋಕೆ ಸುಲಭ, ಕಸ್ಟಮರ್ ಆಗೋರಿಗೂ ಧೈರ್ಯ. ತೊಂದ್ರೆ ಮೂರನೇ ಸಾಲಿಗೇ ಶುರು. ಕಲಿಯೋರು ನೀವು ಊಹಿಸದೇ ಇರೋ ಪ್ರಶ್ನೆ ಕೇಳ್ತಾರೆ, ಕೇಳ್ಲೇಬೇಕು, ಅದೇ ಅಲ್ವಾ ನಮಗೆ ಬೇಕಾಗಿದ್ದು. ಆದ್ರೆ ಕಸ್ಟಮರ್ ಕೈಲಿರೋ ಹಾಳೆಯಲ್ಲಿ ಅದಕ್ಕೆ ಉತ್ತರ ಇಲ್ಲ, ಅವ್ರು ಕೆಳಗೆ ನೋಡ್ಕೊಂಡು ಮುಂದಿನ ಸಾಲು ಓದ್ಬಿಡ್ತಾರೆ. ಒಳ್ಳೆ ಪ್ರಶ್ನೆ ಕೇಳಿದ್ದಕ್ಕೆ ಅವರಿಗೆ ಸಿಕ್ಕಿದ್ದು ಸಂಬಂಧ ಇಲ್ಲದ ಉತ್ತರ. ಎರಡ್ಸಲ ಹಾಗಾದ್ರೆ ಕೇಳೋದನ್ನೇ ಬಿಡ್ತಾರೆ.

ಹಾಗಂತ ಸ್ಕ್ರಿಪ್ಟ್ ಪೂರ್ತಿ ವೇಸ್ಟ್ ಅಲ್ಲ. ಒಂದೇ ಮಾತನ್ನ ಅದೇ ಪದಗಳಲ್ಲಿ ಹೇಳ್ಬೇಕಾದ ಜಾಗಕ್ಕೆ, ಉದಾಹರಣೆಗೆ ಕಾಲ್ ಶುರುವಿನ ಮೊದಲ ಮೂವತ್ತು ಸೆಕೆಂಡ್, ಅಥವಾ ಕಾನೂನಿನ ಪ್ರಕಾರ ಹೇಳ್ಲೇಬೇಕಾದ ವಿವರ, ಅಲ್ಲಿ ಸ್ಕ್ರಿಪ್ಟೇ ಸರಿ. ಹೊಸದಾಗಿ ಸೇರಿದೋರ ಮೊದಲ ದಿನಕ್ಕೂ ನಡಿಯತ್ತೆ.

ಬ್ರೀಫ್: ಒಂದು ಪ್ಯಾರಾ ಪಾತ್ರ

"ನೀವು ಒಂದು ಫ್ಯಾಕ್ಟ್ರಿಯ ಆಪರೇಷನ್ಸ್ ಮ್ಯಾನೇಜರ್, ತುಂಬ ಬಿಜಿ, ಬೆಲೆ ಬಗ್ಗೆ ಸ್ವಲ್ಪ ಕಟ್ಟುನಿಟ್ಟು. ಶುರು ಮಾಡಿ." ಹೆಚ್ಚಿನ ಕಡೆ ನಡಿಯೋದು ಇದೇ, ಯಾಕಂದ್ರೆ ಎರಡು ನಿಮಿಷದಲ್ಲಿ ಬರೀಬೋದು. ಕಸ್ಟಮರ್ ಆಗೋರು ನಿಜವಾಗ್ಲೂ ಹತ್ತು ವರ್ಷ ಫೀಲ್ಡ್‌ನಲ್ಲಿದ್ದು ನೂರಾರು ಕಸ್ಟಮರ್‌ಗಳನ್ನ ನೋಡಿರೋರಾದ್ರೆ ಇದು ಅದ್ಭುತವಾಗಿ ನಡಿಯತ್ತೆ, ಬೇರೆ ಯಾವ ಬ್ರೀಫೂ ಇಷ್ಟು ಜೀವಂತ ಇರಲ್ಲ.

ಆದ್ರೆ ಕಸ್ಟಮರ್ ಆಗಿ ಕೂರೋದು ಬ್ಯಾಚ್‌ನಲ್ಲಿರೋ ಇನ್ನೊಬ್ಬ ಟ್ರೇನೀ ಆದ್ರೆ ಎರಡರಲ್ಲಿ ಒಂದು ಆಗತ್ತೆ. ಫ್ರೆಂಡ್ ಅಂತ ಕರುಣೆ ಬಂದು ಎರಡನೇ ಉತ್ತರಕ್ಕೇ "ಸರಿ ಸಾರ್, ಕಳ್ಸಿ ಕೊಟೇಶನ್" ಅಂದ್ಬಿಡ್ತಾರೆ. ಇಲ್ಲಾಂದ್ರೆ ಎಲ್ಲರ ಮುಂದೆ ನಗಿಸೋಕೆ ಹೋಗಿ, ಏನ್ ಹೇಳಿದ್ರೂ "ಬೇಡ, ಬೇಡ" ಅಂತ ಕೂತ್ಬಿಡ್ತಾರೆ. ಎರಡೂ ಕಡೆ ಕಲಿಯೋರು ಏನು ಮಾಡಿದ್ರು ಅನ್ನೋದಕ್ಕೂ ಕಸ್ಟಮರ್ ಏನು ಹೇಳಿದ್ರು ಅನ್ನೋದಕ್ಕೂ ಸಂಬಂಧವೇ ಇರಲ್ಲ. ಒಂದ್ಸಲ ಇಪ್ಪತ್ನಾಕು ಜನರ ಬ್ಯಾಚ್‌ಗೆ ಇದೇ ಥರ ಮಾಡ್ಸಿ ಸಂಜೆ ಸ್ಕೋರ್ ಒಟ್ಟು ಮಾಡಿ ನೋಡಿದ್ರೆ, ಹೆಚ್ಚು ಮಾರ್ಕ್ಸ್ ಬಂದಿದ್ದು ಚೆನ್ನಾಗಿ ಮಾತಾಡಿದೋರಿಗಲ್ಲ, ಎದುರಿಗೆ ಮೆತ್ತನೆ ಕಸ್ಟಮರ್ ಸಿಕ್ಕಿದೋರಿಗೆ. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಆ ಶೀಟ್‌ಗಳು ಮ್ಯಾನೇಜರ್‌ಗಳ ಕೈಗೆ ಹೋಗೋದಿತ್ತು. ಬೆಳಿಗ್ಗೆ ಎಲ್ಲ ವಾಪಸ್ ತಗೊಂಡು ಮತ್ತೆ ಮಾಡಿಸ್ದೆ.

ಬ್ರೀಫ್: ಮೂರು ಪದರದ ಕಾರ್ಡ್

ನಾನೀಗ ಹೆಚ್ಚಿನ ಸಲ ಬರೆಯೋದು ಇದನ್ನೇ. ಕಸ್ಟಮರ್ ಏನು ಮಾತಾಡ್ಬೇಕು ಅಂತ ಬರೆಯಲ್ಲ, ಕಸ್ಟಮರ್‌ಗೆ ಏನು ಗೊತ್ತು ಅಂತ ಬರೀತೀನಿ, ಮತ್ತೆ ಅದನ್ನ ಯಾವಾಗ ಬಾಯಿಬಿಡ್ಬೇಕು ಅಂತ. ಮೊದಲ ಪದರ: ತಾನಾಗೇ ಹೇಳೋದು. ಎರಡನೇದು: ನೇರವಾಗಿ ಕೇಳಿದ್ರೆ ಹೇಳೋದು. ಮೂರನೇದು: ಬೀಗ ಹಾಕಿರೋದು, ಕಲಿಯೋರು ಒಂದು ನಿರ್ದಿಷ್ಟ ಕೆಲಸ ಮಾಡಿದ್ರೆ ಮಾತ್ರ ತೆರೆಯೋದು.

ವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕೆ ದೊಡ್ಡ ಹಿನ್ನೆಲೆ ಇದೆ. 1963ರಲ್ಲಿ ಹೋವರ್ಡ್ ಬ್ಯಾರೋಸ್ ಅನ್ನೋ ಅಮೆರಿಕದ ನ್ಯೂರಾಲಜಿಸ್ಟ್, ಆರೋಗ್ಯವಾಗಿರೋ ಒಬ್ರಿಗೆ ರೋಗಿ ಥರ ನಡ್ಕೊಳ್ಳೋಕೆ ಕಲಿಸಿ ಸ್ಟೂಡೆಂಟ್ಸ್ ಮುಂದೆ ಕೂರ್ಸಿದ್ರು. ಇವತ್ತಿಗೂ ಆ ಥರದ ರೋಗಿಗಳಿಗೆ ಕೊಡೋ ಟ್ರೈನಿಂಗ್‌ನಲ್ಲಿ ಇದೇ ಮುಖ್ಯ: ಯಾವ ವಿಷಯ ಮೊದಲೇ ಹೇಳ್ಬೇಕು, ಯಾವುದನ್ನ ಕೇಳೋವರೆಗೂ ಹೇಳಬಾರದು. ಮೂವತ್ತು ಸ್ಟೂಡೆಂಟ್ಸ್ ಬಂದ್ರೂ ಮೂವತ್ತು ಜನಕ್ಕೂ ರೋಗಿ ಒಂದೇ ಥರ ಇರ್ಬೇಕಲ್ಲ, ಅದಕ್ಕೆ. ನಮ್ಮ ಕಸ್ಟಮರ್‌ಗೂ ಅದೇ ಬೇಕಾಗಿರೋದು.

ಇದರ ಕಷ್ಟ ಏನಂದ್ರೆ ಬರೆಯೋಕೆ ಟೈಮ್ ಹಿಡಿಯತ್ತೆ, ಒಂದು ಕಾರ್ಡ್‌ಗೆ ನನಗೆ ಎರಡು ಗಂಟೆ ಹತ್ರ ಬೇಕು, ಮತ್ತೆ ಫೀಲ್ಡ್‌ನಲ್ಲಿರೋ ಯಾರಾದ್ರೂ ಒಬ್ರ ಜೊತೆ ಕೂತು "ನಿಜವಾದ ಕಸ್ಟಮರ್ ಈ ಮಾತು ಹೇಳ್ತಾರಾ" ಅಂತ ಕೇಳ್ಲೇಬೇಕು. ಡೆಕ್‌ನಲ್ಲಿ ಬರೀ ಟೆಕ್ನಿಕ್ ಇರತ್ತೆ, ಕಸ್ಟಮರ್ ಇರಲ್ಲ. ಆ ಕಸ್ಟಮರ್‌ನ ಎಲ್ಲಿಂದ ತರ್ತೀರ? ಕಳೆದ ಆರು ತಿಂಗಳಲ್ಲಿ ಕೈತಪ್ಪಿದ ಡೀಲ್‌ಗಳ ಬಗ್ಗೆ ಸೇಲ್ಸ್‌ನವರನ್ನ ಕೇಳಿ, ಅಲ್ಲಿ ಸಿಗ್ತಾರೆ.

ಒಂದು ಕಾರ್ಡ್ ಪೂರ್ತಿ ನೋಡೋಣ

ಪ್ರಾಡಕ್ಟ್: ಫ್ಯಾಕ್ಟ್ರಿಗಳಿಗೆ ಹಾಜರಿ ಮತ್ತು ಶಿಫ್ಟ್ ಪ್ಲಾನ್ ಮಾಡೋ ಸಾಫ್ಟ್‌ವೇರ್. ಸ್ಲೈಡ್: ಮೇಲೆ ಹೇಳಿದ ನಾಕು ಬಾಕ್ಸಿನ ಬೆಲೆ ಆಕ್ಷೇಪಣೆ. ಕಲಿಯೋರಿಗೆ ಕೊಡೋ ಹಾಳೆಯಲ್ಲಿ ಮೂರೇ ಸಾಲು: ಇದು ಎರಡನೇ ಮೀಟಿಂಗ್, ಡೆಮೊ ಆಗಿದೆ, ಕೊಟೇಶನ್ ಹೋಗಿದೆ. ಮ್ಯಾನೇಜರ್ ಹತ್ತು ನಿಮಿಷ ಟೈಮ್ ಕೊಟ್ಟಿದಾರೆ. ಮುಂದಿನ ಹೆಜ್ಜೆ ಒಂದನ್ನ ದಿನಾಂಕದ ಸಮೇತ ಪಕ್ಕಾ ಮಾಡ್ಕೊಂಡು ಎದ್ದೇಳ್ಬೇಕು.

ಕಸ್ಟಮರ್ ಕೈಗೆ ಹೋಗೋ ಕಾರ್ಡ್ ಹೀಗಿದೆ:

ನೀವು ಯಾರು: ಆಪರೇಷನ್ಸ್ ಮ್ಯಾನೇಜರ್. 180 ಜನ ಕೆಲಸಗಾರರು, ಮೂರು ಶಿಫ್ಟ್. ಒಳ್ಳೆಯವರು, ಆದ್ರೆ ಸುತ್ತುಬಳಸಿನ ಮಾತು ಇಷ್ಟ ಇಲ್ಲ.

ತಾನಾಗೇ ಹೇಳೋದು: "ನಿಮ್ಮ ಕೊಟೇಶನ್ ನೋಡ್ದೆ, ಜಾಸ್ತಿ ಆಯ್ತು. ಇನ್ನೊಂದು ಕಂಪನಿಯವರು 20 ಪರ್ಸೆಂಟ್ ಕಮ್ಮಿಗೆ ಕೊಡ್ತಿದಾರೆ." ಮೊದಲ ಒಂದು ನಿಮಿಷದೊಳಗೆ ಇದೇ ಪದಗಳಲ್ಲಿ ಹೇಳಿ.

ಕೇಳಿದ್ರೆ ಹೇಳೋದು: ಈಗ ಶಿಫ್ಟ್ ಲೆಕ್ಕ ಎಲ್ಲ ಎಕ್ಸೆಲ್‌ನಲ್ಲಿ. ತಿಂಗಳ ಕೊನೆಗೆ ಇಬ್ರು ಮೂರು ದಿನ ಕೂತು ಓವರ್‌ಟೈಮ್ ತಾಳೆ ನೋಡ್ತಾರೆ. ಹೋದ ತಿಂಗಳು ಓವರ್‌ಟೈಮ್ ತಪ್ಪಾಗಿ ಒಂದು ಶಿಫ್ಟಿನವರು ಗಲಾಟೆ ಮಾಡಿದ್ರು.

ಬೀಗ ಹಾಕಿರೋದು: ಎರಡು ವರ್ಷದ ಹಿಂದೆ ಇದೇ ಥರದ ಒಂದು ಸಾಫ್ಟ್‌ವೇರ್ ನೀವೇ ತಗೊಂಡಿದ್ರಿ. ಕೆಲಸಗಾರರು ಉಪಯೋಗಿಸ್ಲಿಲ್ಲ, ನಾಕು ತಿಂಗಳಲ್ಲಿ ನಿಂತೋಯ್ತು, ಮಾಲೀಕರ ಮುಂದೆ ಬೈಸ್ಕೊಂಡಿದ್ದು ನೀವು. ನಿಮ್ಮ ನಿಜವಾದ ಭಯ ಬೆಲೆ ಅಲ್ಲ, ಇದೂ ನಿಂತೋದ್ರೆ ಅನ್ನೋದು.

ಬೀಗ ತೆರೆಯೋದು ಯಾವಾಗ: ಬೆಲೆ ಬಿಟ್ಟು ಬೇರೇನಾದ್ರೂ ಚಿಂತೆ ಇದೆಯಾ ಅನ್ನೋ ಅರ್ಥದ ಪ್ರಶ್ನೆ ಕೇಳಿ, ನೀವು ಉತ್ತರ ಕೊಡೋವರೆಗೂ ಸುಮ್ನೆ ಕಾದ್ರೆ. ಪ್ರಶ್ನೆ ಕೇಳಿ ತಾವೇ ಉತ್ತರ ತುಂಬಿಸಿದ್ರೆ ತೆರೀಬೇಡಿ.

ಡಿಸ್ಕೌಂಟ್ ಕೊಟ್ರೆ: "ಇನ್ನೂ ಸ್ವಲ್ಪ ನೋಡಿ" ಅನ್ನಿ. ಎಷ್ಟೇ ಕಮ್ಮಿ ಮಾಡಿದ್ರೂ ಒಪ್ಕೋಬೇಡಿ, ಯಾಕಂದ್ರೆ ನಿಮ್ಮ ಭಯ ಹಾಗೇ ಇದೆ.

ಆ ಕೊನೇ ಸಾಲನ್ನ ಬಿಡ್ಬೇಡಿ ದಯವಿಟ್ಟು. ಡಿಸ್ಕೌಂಟ್‌ಗೆ ಕಸ್ಟಮರ್ ಹೇಗೆ ನಡ್ಕೋಬೇಕು ಅಂತ ಬರೀದೇ ಇದ್ರೆ ಡಿಸ್ಕೌಂಟ್ ಕೊಟ್ಟೋರು ಗೆಲ್ತಾರೆ, ಡೆಕ್ ಹೇಳಿದ್ದರ ಪೂರ್ತಿ ಉಲ್ಟಾ ಪಾಠ ಅವರ ತಲೇಲಿ ಕೂರತ್ತೆ.

ಇದೇ ಕಾರ್ಡ್ ಇಟ್ಕೊಂಡು ಇಬ್ರು ಮಾಡಿದ್ದು ಹೇಗಿತ್ತು ಅಂತ ಹೇಳ್ತೀನಿ. ಮೊದಲನೆಯವರು:

"20 ಪರ್ಸೆಂಟ್ ಕಮ್ಮಿಗೆ ಕೊಡ್ತಿದಾರೆ ರೀ."
"ಸಾರ್, ಅವರ ಸಪೋರ್ಟ್ ನಮ್ಮಷ್ಟು ಚೆನ್ನಾಗಿಲ್ಲ ಸಾರ್. ಬೆಲೆ ಬಿಟ್ಟು ಬೇರೆ ಏನಾದ್ರೂ ತೊಂದ್ರೆ ಇದೆಯಾ ಸಾರ್, ಇರಲ್ಲ ಅನ್ಕೋತೀನಿ, ಯಾಕಂದ್ರೆ ಡೆಮೊ ನೀವೇ ಇಷ್ಟ ಪಟ್ರಿ."
"ಹೌದು, ಡೆಮೊ ಚೆನ್ನಾಗಿತ್ತು. ಬೆಲೆ ನೋಡಿ ಸ್ವಲ್ಪ."

ಪ್ರಶ್ನೆ ಬಂತು, ಆದ್ರೆ ಬಾಗಿಲು ತೆಗೆದು ತಾನೇ ಮುಚ್ಚಿಬಿಟ್ರು. ಎರಡನೆಯವರು:

"20 ಪರ್ಸೆಂಟ್ ಕಮ್ಮಿಗೆ ಕೊಡ್ತಿದಾರೆ ರೀ."
"ದೊಡ್ಡ ವ್ಯತ್ಯಾಸನೇ ಸಾರ್ ಅದು, ಯೋಚ್ನೆ ಮಾಡೋದು ಸಹಜ. ಒಂದ್ ವಿಷ್ಯ ಕೇಳ್ಲಾ, ಎರಡೂ ಒಂದೇ ಬೆಲೆ ಅಂತ ಇಟ್ಕೊಂಡ್ರೆ, ಆಗ್ಲೂ ಏನಾದ್ರೂ ಅಡ್ಡ ಬರ್ತಿತ್ತಾ?"

ಆಮೇಲೆ ಸುಮ್ನಾದ್ರು. ಕಸ್ಟಮರ್ ಆಗಿ ಕೂತಿದ್ದ ಹುಡುಗಿ ಪೆನ್ ತಿರುಗಿಸ್ತಾ ಕೂತ್ಲು, ನಾನು ಎಣಿಸ್ದೆ, ಐದು ಸೆಕೆಂಡ್. ರೂಮಲ್ಲಿ ಅದು ಐದು ನಿಮಿಷದ ಥರ ಇತ್ತು. "ಹಿಂದೆ ಒಂದ್ಸಲ ತಗೊಂಡಿದ್ವಿ ರೀ, ನಮ್ಮವರು ಮುಟ್ಲೇ ಇಲ್ಲ" ಅಂದ್ಲು. ಅಲ್ಲಿಂದ ಮಾತೇ ಬೇರೆ ಆಯ್ತು, ಬೆಲೆ ಸುದ್ದಿ ಮತ್ತೆ ಬರ್ಲಿಲ್ಲ, ಒಂದು ಶಿಫ್ಟ್‌ನಲ್ಲಿ ಮಾತ್ರ ಮೊದಲು ಹಾಕಿ ನೋಡೋಣ, ಸೂಪರ್‌ವೈಸರ್‌ನ ಬುಧವಾರ ಭೇಟಿ ಮಾಡ್ತೀನಿ ಅನ್ನೋದಕ್ಕೆ ಒಪ್ಪಿಗೆ ಆಯ್ತು.

ಒಂದು ಪ್ಯಾರಾ ಪಾತ್ರದ ಬ್ರೀಫ್ ಆಗಿದ್ರೆ ಈ ಇಬ್ಬರ ವ್ಯತ್ಯಾಸ ಕಾಣಿಸ್ತಾನೇ ಇರ್ಲಿಲ್ಲ, ಯಾಕಂದ್ರೆ ಹುಡುಕೋಕೆ ಒಳಗೆ ಏನೂ ಇರ್ತಿರ್ಲಿಲ್ಲ.

ಸ್ಕೋರ್: ಟಿಕ್ ಹಾಕೋ ಲಿಸ್ಟ್

ಡೆಕ್‌ನಿಂದ ನೇರ ಎತ್ತಿ ಇಳಿಸ್ಬೋದಾದ ಸ್ಕೋರ್‌ಶೀಟ್ ಇದು. ಕೇಳಿಸ್ಕೊಂಡ್ರಾ, ಹೌದು ಇಲ್ಲ. ಅರ್ಥ ಆಯ್ತು ಅಂತ ತೋರಿಸಿದ್ರಾ, ಹೌದು ಇಲ್ಲ. ನೋಡೋರಿಗೆ ಅನುಭವ ಇಲ್ದಿದ್ರೂ ತುಂಬ್ಬೋದು, ಇಬ್ರು ತುಂಬಿದ್ರೂ ಹೆಚ್ಚುಕಮ್ಮಿ ಒಂದೇ ಬರತ್ತೆ. ಇದು ಸಣ್ಣ ಲಾಭ ಅಲ್ಲ.

ಆದ್ರೆ ಮೇಲಿನ ಮೊದಲನೆಯವರ ಮಾತು ನೋಡಿ, "ಕೆದಕಿ ಕೇಳಿದ್ರಾ" ಅನ್ನೋದಕ್ಕೆ ಅವ್ರಿಗೂ ಟಿಕ್ ಬೀಳತ್ತೆ. ಪ್ರಶ್ನೆ ಕೇಳಿದ್ರಲ್ಲ. ಡಾಕ್ಟರ್‌ಗಳ ಪರೀಕ್ಷೆಯಲ್ಲೂ ಇದೇ ಕಂಡಿದೆ: 1999ರ ಒಂದು ಅಧ್ಯಯನದಲ್ಲಿ ಅನುಭವಿ ಡಾಕ್ಟರ್‌ಗಳಿಗೆ ಚೆಕ್‌ಲಿಸ್ಟ್‌ನಲ್ಲಿ, ಇನ್ನೂ ಟ್ರೈನಿಂಗ್‌ನಲ್ಲಿದ್ದೋರಿಗಿಂತ ಕಮ್ಮಿ ಮಾರ್ಕ್ಸ್ ಬಂತು. ಅನುಭವ ಇರೋರು ಎಲ್ಲ ಪ್ರಶ್ನೆ ಸಾಲಾಗಿ ಕೇಳ್ತಾ ಕೂರಲ್ಲ, ನೇರ ಮುಖ್ಯ ಜಾಗಕ್ಕೆ ಹೋಗ್ತಾರೆ, ಲಿಸ್ಟ್‌ಗೆ ಅದು ಕಾಣಲ್ಲ. ನಿಮ್ಮ ಟೀಮಿನ ಬೆಸ್ಟ್ ಸೇಲ್ಸ್‌ಪರ್ಸನ್‌ಗೆ ಈ ಶೀಟ್ ಹಾಕಿ ನೋಡಿ, ಅವರಿಗೆ ಕಮ್ಮಿ ಬಂದ್ರೆ ತಪ್ಪು ಶೀಟ್‌ದು.

ಸ್ಕೋರ್: ಒಂದರಿಂದ ಐದು

"ಸಂಬಂಧ ಬೆಳೆಸೋದು: 1 2 3 4 5." ಅನುಭವಿ ಮ್ಯಾನೇಜರ್ ಕೈಲಿ ಇದು ಪರವಾಗಿಲ್ಲ, ಲಿಸ್ಟ್‌ಗೆ ಸಿಗದೇ ಇರೋ ಸೂಕ್ಷ್ಮ ಇದ್ರಲ್ಲಿ ಹಿಡಿಯತ್ತೆ. ಬೇರೆಯವರ ಕೈಲಿ ಮಾತ್ರ ಎಲ್ಲರಿಗೂ ಮೂರು ಅಥವಾ ನಾಕು ಬರತ್ತೆ, ಯಾರಿಗೂ ಬೇಜಾರಾಗ್ಬಾರ್ದಲ್ಲ. ಇನ್ನೊಂದು, ಒಬ್ರು ನಗ್ತಾ ಸ್ಪಷ್ಟವಾಗಿ ಮಾತಾಡಿದ್ರೆ ಎಲ್ಲ ಸಾಲಿಗೂ ನಾಕು ಬಿದ್ಬಿಡತ್ತೆ, ಒಂದು ಗುಣ ಇಷ್ಟ ಆದ್ರೆ ಉಳಿದ ಗುಣಗಳಿಗೂ ಅದೇ ಅಂಕ ಹರಿಯೋದು, ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಇದನ್ನ 1920ರಲ್ಲೇ ಗುರುತಿಸಿದ್ರು. ಶೀಟ್‌ನಲ್ಲಿ ಐದೂ ಸಾಲಿಗೆ ಒಂದೇ ಅಂಕ ಕಂಡ್ರೆ ಅದನ್ನ ಸ್ಕೋರ್ ಅಂತ ನಂಬ್ಬೇಡಿ.

ಸ್ಕೋರ್: ಪ್ರತಿ ಅಂಕಕ್ಕೂ ಒಂದು ವಾಕ್ಯ

ಇದು ನಡುವಿನ ದಾರಿ. ಸೊನ್ನೆ, ಒಂದು, ಎರಡು, ಅಷ್ಟೇ ಅಂಕ, ಆದ್ರೆ ಪ್ರತಿಯೊಂದಕ್ಕೂ ಏನು ಕೇಳಿಸಿದ್ರೆ ಆ ಅಂಕ ಅಂತ ಬರ್ದಿರ್ತೀವಿ. ಕೆಲಸ ಅಳೆಯೋಕೆ ಈ ವಿಧಾನ 1963ರಿಂದಲೂ ಇದೆ. ಮೇಲಿನ ಕಾರ್ಡ್‌ಗೆ ನಾನು ಬರೆದಿರೋದು ಐದು ಸಾಲು, ಒಟ್ಟು ಹತ್ತು ಅಂಕ.

ಆಕ್ಷೇಪಣೆ ಕೇಳಿದಾಗ. 0: ಮಧ್ಯ ಬಾಯಿ ಹಾಕಿದ್ರು ಅಥವಾ ತಕ್ಷಣ ಸಮರ್ಥನೆ. 1: "ಅರ್ಥ ಆಯ್ತು ಸಾರ್, ಆದ್ರೆ" ಅಂತ ಹೇಳಿ ಸಮರ್ಥನೆಗೆ ಹೋದ್ರು. 2: ಕಸ್ಟಮರ್ ಹೇಳಿದ ಮಾತನ್ನೇ ತಮ್ಮ ಮಾತಲ್ಲಿ ಹೇಳಿ, "ಆದ್ರೆ" ಹಾಕದೆ ನಿಲ್ಲಿಸಿದ್ರು.

ಕೆದಕಿದ್ದು. 0: ಪ್ರಶ್ನೆ ಇಲ್ಲ. 1: ಪ್ರಶ್ನೆ ಕೇಳಿದ್ರು, ತಾವೇ ಉತ್ತರ ತುಂಬಿದ್ರು. 2: ಕೇಳಿ ಕಾದ್ರು, ಬೀಗ ತೆರೀತು.

ಈಗಿನ ನಷ್ಟ. 0: ಸುದ್ದಿಯೇ ಎತ್ಲಿಲ್ಲ. 1: ಎಕ್ಸೆಲ್ ತಾಪತ್ರಯ ಇದೆ ಅಂತ ತಾವೇ ಹೇಳಿದ್ರು. 2: ಕಸ್ಟಮರ್ ಬಾಯಿಂದ ಲೆಕ್ಕ ಹೊರಡಿಸಿದ್ರು, ಅಂದ್ರೆ ಇಬ್ರು ಮೂರು ದಿನ ಅಂದ್ರೆ ತಿಂಗಳಿಗೆ ಆರು ಆಳಿನ ದಿನ, ವರ್ಷಕ್ಕೆ 72.

ಉತ್ತರ. 0: ಡಿಸ್ಕೌಂಟ್ ಅಥವಾ ಎದುರಾಳಿ ಕಂಪನಿ ಬಗ್ಗೆ ಕೆಟ್ಟ ಮಾತು. 1: ಫೀಚರ್ ಪಟ್ಟಿ. 2: ಕಸ್ಟಮರ್ ಹೇಳಿದ ಭಯಕ್ಕೇ ನೇರ ಉತ್ತರ.

ಮುಂದಿನ ಹೆಜ್ಜೆ. 0: "ಯೋಚ್ನೆ ಮಾಡಿ ಹೇಳಿ ಸಾರ್". 1: ಹೆಜ್ಜೆ ಇದೆ, ದಿನಾಂಕ ಇಲ್ಲ. 2: ಯಾರು, ಏನು, ಯಾವತ್ತು ಅನ್ನೋದಕ್ಕೆ ಕಸ್ಟಮರ್ ಹೂಂ ಅಂದ್ರು.

ಬ್ರೀಫ್‌ಗೂ ಶೀಟ್‌ಗೂ ಗಂಟು ಬಿದ್ದಿರೋದು ಗಮನಿಸಿ. ಎರಡನೇ ಸಾಲಿನ 2 ಅಂಕ ಬೀಗದ ಮೇಲೆ ನಿಂತಿದೆ, ಮೂರನೇದು "ಕೇಳಿದ್ರೆ ಹೇಳೋದು" ಪದರದ ಮೇಲೆ. ನಾನು ಯಾವಾಗ್ಲೂ ಸ್ಕೋರ್‌ಶೀಟ್ ಮೊದಲು ಬರೆದು ಆಮೇಲೆ ಕಾರ್ಡ್ ಬರೀತೀನಿ. ಉಲ್ಟಾ ಮಾಡಿದ್ರೆ ಕಾರ್ಡ್‌ನಲ್ಲಿ ಚಂದದ ಕತೆ ಇರತ್ತೆ, ಅಂಕಕ್ಕೆ ಬೇಕಾದ ಸುಳಿವೇ ಇರಲ್ಲ.

ಈ ವಿಧಾನದ ಮಿತಿನೂ ಹೇಳ್ಬಿಡ್ತೀನಿ. ಕಾರ್ಡ್ ಬದಲಾದ್ರೆ ಶೀಟೂ ಬದಲಾಗ್ಬೇಕು, ಒಂದೇ ಶೀಟ್ ಎಲ್ಲ ಸನ್ನಿವೇಶಕ್ಕೂ ನಡಿಯಲ್ಲ. ಐದು ಸಾಲಿಗಿಂತ ಜಾಸ್ತಿ ಹಾಕಿದ್ರೆ ನೋಡೋರು ಓದ್ತಾ ಕೂತು ಮಾತು ಕೇಳಿಸ್ಕೊಳ್ಳೋದನ್ನೇ ಬಿಡ್ತಾರೆ.

ಹಾಗಾದ್ರೆ ಯಾವುದು ಯಾರಿಗೆ

ಕಸ್ಟಮರ್ ಆಗೋದು ಬ್ಯಾಚ್‌ನವರೇ, ನೋಡೋದೂ ಅವ್ರೇ ಅಂದ್ರೆ ಪದರದ ಕಾರ್ಡ್ ಮತ್ತು ವಾಕ್ಯ ಇರೋ ಶೀಟ್, ಬೇರೆ ಯೋಚ್ನೆ ಬೇಡ. ಮೂರು ಜನರ ಗುಂಪು ಮಾಡಿ, ಒಬ್ರು ಮಾರೋರು, ಒಬ್ರು ಕಸ್ಟಮರ್, ಒಬ್ರು ನೋಡೋರು. ಎಂಟು ನಿಮಿಷ ಆಟ, ಏಳು ನಿಮಿಷ ಮಾತು, ಮೂರು ಸುತ್ತಿಗೆ 45 ನಿಮಿಷ. ಮೂರು ಸುತ್ತಿಗೂ ಮೂರು ಬೇರೆ ಕಾರ್ಡ್ ಬೇಕು, ಯಾಕಂದ್ರೆ ಒಂದ್ಸಲ ನೋಡಿದೋರಿಗೆ ಬೀಗ ಎಲ್ಲಿದೆ ಅಂತ ಗೊತ್ತಾಗ್ಬಿಡತ್ತೆ.

ಅನುಭವಿ ಮ್ಯಾನೇಜರ್‌ಗಳೇ ಕಸ್ಟಮರ್ ಆಗಿ ಕೂರ್ತಾರೆ, ಕಲಿಯೋರೂ ಸೀನಿಯರ್‌ಗಳು, ಅಂಕ ಯಾರಿಗೂ ಹೋಗಲ್ಲ ಅಂದ್ರೆ ಒಂದು ಪ್ಯಾರಾ ಬ್ರೀಫ್ ಮತ್ತು ಒಂದರಿಂದ ಐದು ಸಾಕು, ಅಲ್ಲಿ ಆಮೇಲಿನ ಚರ್ಚೆಯೇ ಮುಖ್ಯ. ಹೊಸಬರಿಗೆ ಕಾಲ್ ಶುರು ಮಾಡೋದು, ಹೇಳ್ಲೇಬೇಕಾದ ಮಾತು ಕಲಿಸೋದಾದ್ರೆ ಸ್ಕ್ರಿಪ್ಟ್ ಮತ್ತು ಟಿಕ್ ಲಿಸ್ಟ್. ನಾಳೆ ಬೆಳಿಗ್ಗೆ ಸೆಷನ್ ಇದೆ, ಕೈಲಿ ಒಂದೇ ಗಂಟೆ ಇದೆ ಅಂದ್ರೆ? ಪ್ಯಾರಾ ಬ್ರೀಫೇ ಬರೀರಿ, ಆದ್ರೆ ಅದಕ್ಕೆ ಎರಡು ಸಾಲು ಸೇರ್ಸಿ: ಒಂದು ಬೀಗ, ಒಂದು "ಡಿಸ್ಕೌಂಟ್ ಕೊಟ್ರೆ ಹೀಗೆ ಹೇಳಿ". ಆ ಎರಡು ಸಾಲಿಗೇ ಅರ್ಧ ಕೆಲಸ ಆಗತ್ತೆ.

ಪ್ರಮೋಷನ್, ಸರ್ಟಿಫಿಕೇಟ್ ಥರ ಯಾವುದಕ್ಕಾದ್ರೂ ಅಂಕ ಬಳಸ್ತಾರೆ ಅಂದ್ರೆ ಕಸ್ಟಮರ್ ಆಗೋಕೆ ಬ್ಯಾಚ್‌ನವರು ಬೇಡ. ಹೊರಗಿನಿಂದ ಇಬ್ರನ್ನ ಕರೆದು ಅರ್ಧ ದಿನ ಕಾರ್ಡ್ ಅಭ್ಯಾಸ ಮಾಡ್ಸಿ, ಅವ್ರೇ ಎಲ್ಲರಿಗೂ ಕೂರ್ಲಿ. ಇಲ್ಲಿ ಹಣ, ಸಮಯ ಉಳಿಸೋಕೆ ಹೋದ್ರೆ ಅನ್ಯಾಯ ಆಗೋದು ಕಲಿಯೋರಿಗೆ.

ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ

ಎಲ್ಲರಿಗೂ ಕೊಡೋ ಮುಂಚೆ ಒಂದು ಆಟ ಆಡ್ಸಿ, ಇಬ್ರು ಬೇರೆ ಬೇರೆ ಕೂತು ಅಂಕ ಹಾಕ್ಲಿ, ಒಬ್ರ ಶೀಟ್ ಇನ್ನೊಬ್ರು ನೋಡಬಾರದು. ಯಾವ ಸಾಲಿನಲ್ಲಿ ಅಂಕ ಬೇರೆ ಬಂತೋ ಆ ಸಾಲಿನ ವಾಕ್ಯ ಸರಿ ಇಲ್ಲ ಅಂತ ಅರ್ಥ. ನನ್ನ ಮೊದಲ ಶೀಟ್‌ನಲ್ಲಿ "ಸೂಕ್ತ ಸಮಯ ಕಾದ್ರು" ಅಂತ ಬರ್ದಿದ್ದೆ, ಒಬ್ರು 0 ಹಾಕಿದ್ರು ಇನ್ನೊಬ್ರು 2. ಅದಕ್ಕೇ "ಕಸ್ಟಮರ್ ಮಾತಾಡೋವರೆಗೂ ಮಾರೋರು ಬಾಯಿ ತೆರೀಲಿಲ್ಲ" ಅಂತ ಬದಲಾಯಿಸ್ದೆ, ಜಗಳ ನಿಂತೋಯ್ತು.

ಇನ್ನೊಂದು ಗುರುತು, ಬೀಗ ಎಷ್ಟು ಜನರಿಗೆ ತೆರೀತು ಅಂತ ಲೆಕ್ಕ ಇಡಿ. ಹನ್ನೆರಡು ಜನರಲ್ಲಿ ಹನ್ನೆರಡಕ್ಕೂ ತೆರೆದಿದ್ರೆ ಕಸ್ಟಮರ್‌ಗಳು ಸುಳಿವು ಕೊಡ್ತಿದಾರೆ ಅಥವಾ ಉತ್ತರ ಸೋರಿದೆ. ಒಬ್ರಿಗೂ ತೆರೀದೇ ಇದ್ರೆ ನಿಮ್ಮ ಬೀಗ ತೀರಾ ಬಿಗಿ, ಅಥವಾ ಡೆಕ್ ಆ ಕೆಲಸನ ಕಲಿಸೇ ಇಲ್ಲ, ಆಗ ಸರಿ ಮಾಡ್ಬೇಕಾಗಿರೋದು ಸ್ಲೈಡ್. ನನಗೆ ಎರಡ್ಸಲ ಹಾಗೆ ಆಗಿದೆ, ಡೆಕ್ ಬರೆದೋರಿಗೆ ಹೇಳಿ "ಕೆದಕಿ ಕೇಳಿ" ಅನ್ನೋ ಬಾಕ್ಸ್‌ನ ಕೆಳಗೆ ಮೂರು ನಿಜವಾದ ಪ್ರಶ್ನೆ ಹಾಕ್ಸಿದ್ವಿ.

ಶೀಟ್ ಕಲಿಯೋರಿಗೆ ಮುಂಚೆ ತೋರಿಸ್ಬೇಕಾ ಅಂತ ತುಂಬ ಜನ ಕೇಳ್ತಾರೆ. ಸಾಲುಗಳ ಹೆಸರು ತೋರ್ಸಿ, 2 ಅಂಕದ ವಾಕ್ಯ ತೋರಿಸ್ಬೇಡಿ. ಪೂರ್ತಿ ತೋರ್ಸಿದ್ರೆ ಅವ್ರು ಕಸ್ಟಮರ್ ಮುಖ ಬಿಟ್ಟು ಶೀಟ್ ನೆನಪು ಮಾಡ್ಕೊಳ್ತಾ ಮಾತಾಡ್ತಾರೆ. ಮೊದಲ ಸುತ್ತು ಮುಗಿದ್ಮೇಲೆ ಶೀಟ್ ಕೈಗೆ ಕೊಟ್ಟು, ನೋಡೋರು ಅಂಕ ಹೇಳೋ ಮುಂಚೆ, "ನಿಮಗೆ ನೀವೇ ಎಷ್ಟು ಹಾಕ್ಕೋತೀರ" ಅಂತ ಕೇಳಿ. ಆಮೇಲೆ ಕಸ್ಟಮರ್ ಆಗಿ ಕೂತಿದ್ದೋರು ತಮ್ಮ ಕಾರ್ಡ್ ತಿರುಗಿಸಿ ಮೇಜಿನ ಮೇಲೆ ಇಡ್ಲಿ. ಬೀಗದ ಸಾಲು ಓದ್ತಿದ್ದ ಹಾಗೆ "ಅಯ್ಯೋ, ಇದಿತ್ತಾ ಒಳಗೆ" ಅಂತ ಬಾಯಿಂದ ಬರತ್ತೆ. ಆಗ ಅದೇ ಕಾರ್ಡ್‌ಗೆ ಇನ್ನೆರಡು ನಿಮಿಷ ಕೊಡಿ, ಆಕ್ಷೇಪಣೆ ಬಂದ ಜಾಗದಿಂದ ಮಾತ್ರ ಮತ್ತೊಮ್ಮೆ ಆಡ್ಲಿ, ಈ ಸಲ ಅಂಕ ಬೇಡ.